ಡಬ್ಬಿ ಮೇಲೆ ಝೈಲಿಟಾಲ್ ಅಂತ ಇರಲಿಲ್ಲ, ‘ಬರ್ಚ್ ಶುಗರ್’ ಅಂತ ಇತ್ತು. ನಾನು ಮೋಸ ಹೋದೆ

ನಾಯಿ ಸಾಕಿರುವವರು ದಯವಿಟ್ಟು ಓದಿ. ಇನ್ನೂ ಕೋಪ ಇಳಿದಿಲ್ಲ, ಹಾಗಾಗಿ ಬರಹ ಅಡ್ಡಾದಿಡ್ಡಿ ಇರುತ್ತದೆ.

ಮೊದಲು ನಾಚಿಕೆಯ ವಿಷಯ ಹೇಳಿಬಿಡುತ್ತೇನೆ. ಸಕ್ಕರೆ ಬದಲು ಹಾಕುವ ಝೈಲಿಟಾಲ್ ಅನ್ನುವ ಸಿಹಿ ನಾಯಿಗೆ ವಿಷ ಅಂತ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಆಗಿದ್ದಲ್ಲ ಇದು. ಗೊತ್ತಿದ್ದೂ, ಡಬ್ಬಿ ತಿರುಗಿಸಿ ಓದಿಯೂ, ನನ್ನ ಕೈಯಿಂದಲೇ ಗುಂಡನಿಗೆ ತಿನ್ನಿಸಿದೆ.

ಗುಂಡ ನಮ್ಮ ನಾಯಿ, 9 ಕೆಜಿ ತೂಕ. ಮಾತ್ರೆ ಅಂದರೆ ಆಗದು, ಬಾಯಿಗೆ ಹಾಕಿದ್ದನ್ನು ಮೂಲೆಗೆ ಹೋಗಿ ಉಗಿದು ಬರುತ್ತಾನೆ. ಅದಕ್ಕೇ ಜಂತಿನ ಮಾತ್ರೆಯನ್ನು ಪೀನಟ್ ಬಟರ್‌ನಲ್ಲಿ ಅದ್ದಿ ಕೊಡುವುದು ನಮ್ಮ ಅಭ್ಯಾಸ. ಈ ಸಲ ಆನ್‌ಲೈನ್‌ನಲ್ಲಿ ‘ಸಕ್ಕರೆ ಹಾಕಿಲ್ಲ’ ಅನ್ನುವ ಒಂದು ಪೀನಟ್ ಬಟರ್ ಕಂಡಿತು. ಸಕ್ಕರೆ ಇಲ್ಲದಿದ್ದರೆ ನಾಯಿಗೂ ಒಳ್ಳೆಯದಲ್ವಾ ಅಂದುಕೊಂಡೆ. ಆದರೂ ತರಿಸುವ ಮುಂಚೆ ಮಾರುವವರಿಗೆ ಮೆಸೇಜ್ ಮಾಡಿ ಕೇಳಿದೆ: ‘ಇದನ್ನು ನಾಯಿಗೂ ಕೊಡುತ್ತೇನೆ, ಪರವಾಗಿಲ್ವಾ?’

ಎರಡೇ ನಿಮಿಷದಲ್ಲಿ ಉತ್ತರ ಬಂತು. ‘ಪೂರ್ತಿ ನ್ಯಾಚುರಲ್ ಮೇಡಮ್. ಮನೆಮಂದಿಯೆಲ್ಲ ತಿನ್ನಬಹುದು. ಯಾವ ಕೆಮಿಕಲ್ಲೂ ಇಲ್ಲ.’

ಡಬ್ಬಿ ಬಂದಾಗಲೂ ಲೇಬಲ್ ಓದಿದೆ. ಕಡಲೆಕಾಯಿ, ಬರ್ಚ್ ಶುಗರ್, ಉಪ್ಪು. ಅಷ್ಟೇ. ಝೈಲಿಟಾಲ್ ಅನ್ನುವ ಪದ ಹುಡುಕಿದೆ, ಇರಲಿಲ್ಲ. ಸಮಾಧಾನ ಆಯಿತು. ಬರ್ಚ್ ಶುಗರ್ ಅಂದರೆ ಬೆಲ್ಲದ ತರಹ ಯಾವುದೋ ಮರದ ಸಕ್ಕರೆ ಇರಬೇಕು ಅಂದುಕೊಂಡೆ. ಅದು ಝೈಲಿಟಾಲ್‌ಗೇ ಇರುವ ಇನ್ನೊಂದು ಹೆಸರು. ಎರಡೂ ಒಂದೇ. ಕೆಲವು ಲೇಬಲ್‌ಗಳಲ್ಲಿ ‘E967’ ಅಂತ ಬರೀ ನಂಬರ್ ಇರುತ್ತದಂತೆ, ಅದೂ ಇದೇ. ಇದೆಲ್ಲ ನನಗೆ ಗೊತ್ತಾಗಿದ್ದು ಆ ರಾತ್ರಿ ಆಸ್ಪತ್ರೆಯಲ್ಲಿ.

ಸಂಜೆ 7:10ಕ್ಕೆ ಮಾತ್ರೆ ಕೊಟ್ಟೆ. ಒಂದು ಚಮಚದಲ್ಲಿ ಮಾತ್ರೆ, ತಿಂದ ಅಂತ ಖುಷಿಗೆ ಇನ್ನೊಂದು ಚಮಚ. ಆ ಎರಡನೇ ಚಮಚ ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ. 7:40ಕ್ಕೆ ವಾಂತಿ. ಮಾತ್ರೆ ಒಗ್ಗಲಿಲ್ಲ ಅಂದುಕೊಂಡು ನೆಲ ಒರೆಸುತ್ತಿದ್ದೆ. ಅಷ್ಟರಲ್ಲಿ ಗುಂಡ ನೀರಿನ ಬಟ್ಟಲಿನ ಕಡೆ ಹೊರಟ, ಹಿಂಗಾಲು ಎರಡೂ ಪಕ್ಕಕ್ಕೆ ಜಾರಿದವು. ಎದ್ದ. ಮತ್ತೆ ಜಾರಿದ. ನನ್ನ ಕಡೆ ನೋಡುತ್ತಿದ್ದ, ಆದರೆ ಕರೆದರೆ ಕಿವಿ ಅಲ್ಲಾಡಲಿಲ್ಲ. ಕುಡಿದವರು ನಡೆಯುವುದನ್ನು ನೋಡಿದ್ದೀರಲ್ವಾ, ಹಾಗೇ.

ನನ್ನ ತಮ್ಮ ಡಾಕ್ಟರಿಗೆ ಫೋನ್ ಹಚ್ಚಿದ. ಅವರು ಮಾತ್ರೆ ಬಗ್ಗೆ ಹೆಚ್ಚು ಕೇಳಲೇ ಇಲ್ಲ. ‘ಯಾವುದರಲ್ಲಿ ಇಟ್ಟು ಕೊಟ್ರಿ?’ ಅಂದರು. ಲೇಬಲ್ ಓದಿ ಹೇಳಿದ. ‘ಬರ್ಚ್ ಶುಗರ್ರಾ? ತಕ್ಷಣ ಹೊರಡಿ. ದಾರಿಯಲ್ಲಿ ಒಸಡಿಗೆ ಸಕ್ಕರೆ ಪಾಕ ಸವರುತ್ತಾ ಬನ್ನಿ. ಬಾಯೊಳಗೆ ಸುರಿಯಬೇಡಿ, ನುಂಗುವ ಶಕ್ತಿ ಇಲ್ಲದಿದ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಡಬ್ಬಿ ತನ್ನಿ.’

8:25ಕ್ಕೆ ಮುಟ್ಟಿದೆವು. ಕಿವಿ ತುದಿಗೆ ಸೂಜಿ ಚುಚ್ಚಿ ಶುಗರ್ ನೋಡಿದರು: 34. ನಾಯಿಗೆ ಸುಮಾರು 80ರಿಂದ 120 ಇರಬೇಕು, 60ಕ್ಕಿಂತ ಇಳಿದರೆ ಅಪಾಯ. ತಕ್ಷಣ ಡೆಕ್ಸ್‌ಟ್ರೋಸ್ ತೆಳು ಮಾಡಿ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟು, ಡ್ರಿಪ್ ಹಾಕಿದರು.

ಸಕ್ಕರೆ ರುಚಿಯ ವಸ್ತು ತಿಂದು ಸಕ್ಕರೆ ಇಳಿಯುವುದು ಹೇಗೆ ಅಂತ ಕೇಳಿದೆ. ಮನುಷ್ಯರಲ್ಲಿ ಝೈಲಿಟಾಲ್ ಇನ್ಸುಲಿನ್ ಅನ್ನು ಹೆಚ್ಚು ಕೆಣಕುವುದಿಲ್ಲ. ನಾಯಿಯ ಮೇದೋಜೀರಕ ಗ್ರಂಥಿ ಮಾತ್ರ ಭಾರೀ ಗ್ಲೂಕೋಸ್ ಬಂತು ಅಂತ ತಪ್ಪು ತಿಳಿದು ಇನ್ಸುಲಿನ್ ಸುರಿದುಬಿಡುತ್ತದೆ. ಬಂದಿರುವುದು ಗ್ಲೂಕೋಸ್ ಅಲ್ಲ, ಹಾಗಾಗಿ ಆ ಇನ್ಸುಲಿನ್ ರಕ್ತದಲ್ಲಿದ್ದ ಸಕ್ಕರೆಯನ್ನೇ ಖಾಲಿ ಮಾಡುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ. ಚೂಯಿಂಗ್ ಗಮ್ ನುಂಗಿದ್ದರೆ ಅದು ಹೊಟ್ಟೆಯಲ್ಲಿ ನಿಧಾನವಾಗಿ ಬಿಡುಗಡೆಯಾಗುವುದರಿಂದ 12 ಗಂಟೆ ತಡವಾಗಿಯೂ ಇಳಿಯಬಹುದು.

ವಾಂತಿ ಮಾಡಿಸಿ, ಇದ್ದಿಲು ಕುಡಿಸಿ ಅಂತ ನಾನು ಗೋಗರೆದೆ. ತೂರಾಡುತ್ತಿರುವ ನಾಯಿಗೆ ವಾಂತಿ ಮಾಡಿಸಿದರೆ ಅದೇ ಶ್ವಾಸಕೋಶಕ್ಕೆ ಹೋಗುತ್ತದೆ ಅಂದರು. ಲಕ್ಷಣ ಶುರುವಾಗುವ ಮುಂಚೆ ಬಂದಿದ್ದರೆ, ಶುಗರ್ ನೋಡಿಕೊಂಡು, ಮಾಡಿಸಬಹುದಿತ್ತಂತೆ. ಇದ್ದಿಲು ಝೈಲಿಟಾಲ್ ಅನ್ನು ಸರಿಯಾಗಿ ಹಿಡಿದುಕೊಳ್ಳುವುದೇ ಇಲ್ಲವಂತೆ.

ಹತ್ತು ನಿಮಿಷಕ್ಕೆ ಗುಂಡ ತಲೆ ಎತ್ತಿದ. ಇಪ್ಪತ್ತು ನಿಮಿಷಕ್ಕೆ ಬಾಲ ಟೇಬಲ್ ಮೇಲೆ ಪಟಪಟ. ನಾನು ಅತ್ತುಬಿಟ್ಟೆ. ಮನೆಗೆ ಕರೆದುಕೊಂಡು ಹೋಗಬಹುದಾ ಅಂತ ಕೇಳಿಯೂಬಿಟ್ಟೆ.

ಡಾಕ್ಟರು ಡಬ್ಬಿ ಹಿಡಿದುಕೊಂಡು, ‘ಇದರಲ್ಲಿ ಎಷ್ಟು ಪರ್ಸೆಂಟ್ ಇದೆ ಅಂತ ಕೇಳಿ’ ಅಂದರು. ಯಾಕೆಂದರೆ ಒಂದು ಕೆಜಿ ತೂಕಕ್ಕೆ ಸುಮಾರು 0.1 ಗ್ರಾಂ ಸೇರಿದರೆ ಶುಗರ್ ಇಳಿಯುವ ಭಯ. 0.5 ಗ್ರಾಂ ದಾಟಿದರೆ ಲಿವರ್‌ಗೆ ಏಟು ಬೀಳುವ ಭಯ. ಮನೆಯಲ್ಲಿ ತಂಗಿ ಅದೇ ಚಮಚದಲ್ಲಿ ಹಳೇ ಡಬ್ಬಿಯಿಂದ ಎರಡು ಸಲ ತೆಗೆದು ತೂಕ ಮಾಡಿ ಹೇಳಿದಳು: 36 ಗ್ರಾಂ. ಇನ್ನು ಬೇಕಿದ್ದದ್ದು ಆ ಪರ್ಸೆಂಟ್ ಒಂದೇ.

ಇಲ್ಲಿಂದ ನೋಡಿ ಮಾರಿದವರ ಉತ್ತರಗಳು. ಮೆಸೇಜ್‌ಗಳು ಇನ್ನೂ ಫೋನಿನಲ್ಲಿವೆ.

ನಾನು: ‘ನಾಯಿ ಆಸ್ಪತ್ರೆಯಲ್ಲಿದೆ. ಬರ್ಚ್ ಶುಗರ್ ಎಷ್ಟು ಪರ್ಸೆಂಟ್ ಹಾಕಿದ್ದೀರಿ? ಡಾಕ್ಟರು ಕೇಳುತ್ತಿದ್ದಾರೆ.’

‘ಮೇಡಮ್, ನಮ್ಮದು ಪೂರ್ತಿ ನ್ಯಾಚುರಲ್.’

‘ಪರ್ಸೆಂಟ್ ಹೇಳಿ.’

‘ರೆಸಿಪಿ ಹೊರಗೆ ಹೇಳುವ ಹಾಗಿಲ್ಲ ಮೇಡಮ್. ಬರ್ಚ್ ಮರದಿಂದ ಬರುವುದು, ತೊಂದರೆ ಆಗಲ್ಲ.’

‘ಶುಗರ್ 34ಕ್ಕೆ ಇಳಿದಿದೆ. ನಂಬರ್ ಹೇಳಿ ಸಾಕು.’

ಅರ್ಧ ಗಂಟೆ ಬಿಟ್ಟು: ‘ತುಂಬಾ ಕಮ್ಮಿ ಮೇಡಮ್. 2-3% ಇರಬಹುದು. ಬೇರೆ ಏನೋ ತಿಂದಿರಬೇಕು, ನೋಡಿ.’

ಬೇರೆ ಏನೋ ತಿಂದಿರಬೇಕಂತೆ!

ನಾನು ಆ 3% ನಂಬಿಬಿಟ್ಟೆ. ಲೆಕ್ಕ ಹಾಕಿದೆ. 36 ಗ್ರಾಂನಲ್ಲಿ 3% ಅಂದರೆ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ, 9 ಕೆಜಿ ನಾಯಿಗೆ ಕೆಜಿಗೆ 0.12 ಗ್ರಾಂ. ಅಂದರೆ ಶುಗರ್ ಇಳಿಯುವಷ್ಟು, ಲಿವರ್‌ಗೆ ಏನೂ ಇಲ್ಲ. ಡಾಕ್ಟರಿಗೆ ತೋರಿಸಿದೆ. ಅವರು ಬೆರಳಿಟ್ಟು ಲೇಬಲ್ ತೋರಿಸಿದರು. ‘ನೋಡಿ, ಜಾಸ್ತಿ ಇರುವುದನ್ನು ಮೊದಲು ಬರೆಯುತ್ತಾರೆ. ಇದು ಎರಡನೇ ಜಾಗದಲ್ಲಿದೆ. ಇಷ್ಟು ಸಿಹಿ ಇರುವುದು 3%ನಲ್ಲಿ ಬರಲ್ಲ. ನಾನು ಕೆಟ್ಟದ್ದೇ ಅಂತ ಇಟ್ಟುಕೊಳ್ಳುತ್ತೇನೆ.’ ಮೂರು ದಿನ ಇಲ್ಲೇ ಇರಲಿ ಅಂದರು. ನನಗೆ ಆಗ ಅವರ ಮೇಲೇ ಸ್ವಲ್ಪ ಅನುಮಾನ ಬಂತು, ಸುಮ್ನೆ ಬಿಲ್ ಏರಿಸುತ್ತಿದ್ದಾರಾ ಅಂತ. ಇದನ್ನು ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ಎರಡನೇ ದಿನ ಸಂಜೆ, ನಾನು ಬೇರೆ ಫೋನಿನಿಂದ ಡಯಾಬಿಟಿಸ್ ಇರುವ ಗಿರಾಕಿ ತರಹ ಕೇಳಿದೆ. ಬರ್ಚ್ ಶುಗರ್ ಎಷ್ಟಿದೆ ಅಂತ. ಐದೇ ನಿಮಿಷ. ‘25% ಸರ್, ಚೆನ್ನಾಗಿ ಸಿಹಿ ಇರುತ್ತೆ!’

25%. ಅಂದರೆ 9 ಗ್ರಾಂ. 9 ಕೆಜಿ ನಾಯಿಗೆ 9 ಗ್ರಾಂ. ಕೆಜಿಗೆ ಒಂದು ಗ್ರಾಂ, ಲಿವರ್ ಕೆಡುವ ಮಟ್ಟದ ಎರಡರಷ್ಟು. ವಾಂತಿಯಲ್ಲಿ ಸ್ವಲ್ಪ ಹೋಗಿರಬಹುದು, ಅಷ್ಟೇ. ರೆಸಿಪಿ ಗುಟ್ಟು ಅಂದವರು ಗಿರಾಕಿ ಅಂದ ಕೂಡಲೇ ಹೇಳಿದರು. ಆ ಮೆಸೇಜ್ ಓದುವಾಗ ಕೈ ನಡುಗುತ್ತಿತ್ತು.

ಅಷ್ಟರಲ್ಲಿ ರಿಪೋರ್ಟೂ ಅದನ್ನೇ ಹೇಳಿತ್ತು. ಮೊದಲ ರಾತ್ರಿ ಡ್ರಿಪ್ ಇದ್ದಾಗಲೇ 11 ಗಂಟೆಗೆ ಶುಗರ್ ಮತ್ತೆ 58ಕ್ಕೆ ಬಂದಿತ್ತು, ಅದೂ ಗುಂಡ ಆರಾಮಾಗಿ ಕೂತಿದ್ದಾಗ. ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ, ಗಂಟೆಗೊಮ್ಮೆ ಚುಚ್ಚಿ ನೋಡುತ್ತಿದ್ದರಿಂದ ಸಿಕ್ಕಿತು. ಡ್ರಿಪ್‌ನಲ್ಲಿ ಡೆಕ್ಸ್‌ಟ್ರೋಸ್ ಹೆಚ್ಚಿಸಿದರು. ಪೊಟ್ಯಾಸಿಯಂ ಕೂಡ ಇಳಿದಿತ್ತು, ಇನ್ಸುಲಿನ್ ಅದನ್ನೂ ಜೀವಕೋಶದೊಳಗೆ ತಳ್ಳುತ್ತದಂತೆ. ಬೆಳಿಗ್ಗೆ ಹೊತ್ತಿಗೆ ಶುಗರ್ 104. ಆಮೇಲೆ ಡ್ರಿಪ್ ಒಮ್ಮೆಲೇ ನಿಲ್ಲಿಸದೆ ನಿಧಾನವಾಗಿ ಇಳಿಸಿದರು.

ಲಿವರ್ ಕಥೆ ಬೇರೆ. ಬಂದ ತಕ್ಷಣ ತೆಗೆದ ರಕ್ತದಲ್ಲಿ ಎಎಲ್‌ಟಿ 48, ನಾರ್ಮಲ್. ಅದನ್ನು ಹಿಡಿದುಕೊಂಡು ನಾನು ‘ಲಿವರ್ ಚೆನ್ನಾಗಿದೆ’ ಅಂತ ಮನೆಗೆಲ್ಲ ಫೋನ್ ಮಾಡಿದ್ದೆ. ಒಂದು ಗಂಟೆಯ ಮುಂಚೆ ತಿಂದದ್ದು ಆ ರಿಪೋರ್ಟಿನಲ್ಲಿ ಕಾಣುವುದಿಲ್ಲ. ಎಎಲ್‌ಟಿ ಅಂದರೆ ಲಿವರ್ ಕೋಶ ಒಡೆದಾಗ ರಕ್ತಕ್ಕೆ ಸೋರುವ ವಸ್ತು, ಮೊದಲು ಒಡೆಯಬೇಕಲ್ಲ. 24 ಗಂಟೆಗೆ 610. 48ಕ್ಕೆ 1140. ರಕ್ತ ಹೆಪ್ಪುಗಟ್ಟುವ ಸಮಯವೂ ಸ್ವಲ್ಪ ಜಾಸ್ತಿಯಾಯಿತು. ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳನ್ನು ಮಾಡುವುದು ಲಿವರ್, ಅದಕ್ಕೇ ಡಾಕ್ಟರಿಗೆ ಎಎಲ್‌ಟಿಗಿಂತ ಇದರ ಚಿಂತೆ ಜಾಸ್ತಿ. ದಿನಕ್ಕೆ ನಾಲ್ಕು ಸಲ ತುಟಿ ಎತ್ತಿ ಒಸಡಿನಲ್ಲಿ ಕೆಂಪು ಚುಕ್ಕೆ ಇದೆಯಾ, ಕಣ್ಣಿನ ಬಿಳಿ ಹಳದಿಯಾಗಿದೆಯಾ, ಕಕ್ಕಸು ಕಪ್ಪಾಗಿದೆಯಾ ಅಂತ ನೋಡುತ್ತಿದ್ದರು. ವಿಟಮಿನ್ ಕೆ ಕೊಟ್ಟರು, ಅಸಿಟೈಲ್‌ಸಿಸ್ಟೀನ್ ಡ್ರಿಪ್‌ನಲ್ಲಿ ಹೋಯಿತು. ಇದಕ್ಕೆ ಪ್ರತಿವಿಷ ಅಂತ ಯಾವುದೂ ಇಲ್ಲ. 72 ಗಂಟೆಗೆ ಎಎಲ್‌ಟಿ 720. ಆ ದಿನ ಮೊದಲ ಸಲ ಡಾಕ್ಟರು ನಕ್ಕರು.

3% ನಂಬಿ ಬೆಳಿಗ್ಗೆ ಮನೆಗೆ ಕರೆತಂದಿದ್ದರೆ? ಬಾಲ ಅಲ್ಲಾಡಿಸುತ್ತಾ ಬರುತ್ತಿದ್ದ. ಲಿವರ್ ಒಳಗೇ ಹೋಗುತ್ತಿತ್ತು. ಶುಗರ್ ಇಳಿಯದೆಯೇ ನೇರ ಲಿವರ್ ಕೆಟ್ಟ ನಾಯಿಗಳೂ ಇವೆಯಂತೆ.

ಮಾರಿದವರ ಕೊನೆಯ ಮೆಸೇಜ್ ಹೀಗಿತ್ತು: ‘ಇದು ಮನುಷ್ಯರ ಆಹಾರ ಮೇಡಮ್, ನಾಯಿಗೆ ಕೊಟ್ಟಿದ್ದು ನಿಮ್ಮ ತಪ್ಪು. ಸೀಲ್ ತೆಗೆದ ಡಬ್ಬಿ ವಾಪಸ್ ತೆಗೆದುಕೊಳ್ಳಲ್ಲ.’ ನಾನು ವಾಪಸ್ ಕೇಳಿಯೇ ಇರಲಿಲ್ಲ! ‘ಮನೆಮಂದಿಯೆಲ್ಲ ತಿನ್ನಬಹುದು’ ಅಂದದ್ದರ ಸ್ಕ್ರೀನ್‌ಶಾಟ್ ಕಳಿಸಿದೆ. ಬ್ಲಾಕ್.

ಅದಕ್ಕೇ ಹೇಳುತ್ತಿದ್ದೇನೆ, ಲೇಬಲ್‌ನಲ್ಲಿ ಬರ್ಚ್ ಶುಗರ್ ಅಥವಾ ‘E967’ ಕಂಡರೆ ಝೈಲಿಟಾಲ್ ಅಂತಲೇ ಓದಿ. ಸ್ಟೀವಿಯಾ, ಎರಿಥ್ರಿಟಾಲ್ ನಾಯಿಯಲ್ಲಿ ಹೀಗೆ ಇನ್ಸುಲಿನ್ ಏರಿಸುವುದಿಲ್ಲ, ಆದರೆ ಬರೀ ‘ಶುಗರ್ ಫ್ರೀ’ ಅಂತ ಬರೆದವರು ಯಾವುದು ಹಾಕಿದ್ದಾರೆ ಅಂತ ಯಾರಿಗೆ ಗೊತ್ತು. ತಿಂದಿದ್ದರೆ ತೂರಾಡುವವರೆಗೆ ಕಾಯಬೇಡಿ, ಡಬ್ಬಿ ಹಿಡಿದು ಓಡಿ. ಮಾರಿದವರು ಹೇಳಿದ ಪರ್ಸೆಂಟ್ ಮೇಲೆ ಲೆಕ್ಕ ಹಾಕಬೇಡಿ. ಮೊದಲ ಲಿವರ್ ರಿಪೋರ್ಟ್ ನಾರ್ಮಲ್ ಬಂದರೂ ದಿನಕ್ಕೊಮ್ಮೆ ಮೂರು ದಿನ ಮಾಡಿಸಿ.

ನಿನ್ನೆ, ಮೂರು ವಾರ ಆದ ಮೇಲೆ, ಎಎಲ್‌ಟಿ 95. ಊಟ ಮಾಡುತ್ತಿದ್ದಾನೆ. ಆ ಜಂತಿನ ಮಾತ್ರೆ ವಾಂತಿಯಲ್ಲೇ ಇಡಿಯಾಗಿ ಬಿದ್ದಿತ್ತು, ಲಿವರ್ ಪೂರ್ತಿ ಸರಿಯಾದ ಮೇಲೆ ಮತ್ತೆ ಕೊಡಬೇಕಂತೆ. ಈ ಸಲ ತಮ್ಮ ಬಾಯಿ ಹಿಡಿಯುತ್ತಾನೆ, ನಾನು ಗಂಟಲಿಗೆ ಇಡುತ್ತೇನೆ. ಉಗಿದರೆ ಮತ್ತೆ ಇಡುತ್ತೇನೆ.