ಪ್ರಥಮ ಪಿಯುಸಿ ಫಿಸಿಕ್ಸ್ ಗೈಡ್: ವರ್ಷಗಟ್ಟಲೆ ಬಳಸಿದ ಮೇಲೆ

ಮನೆಪಾಠಕ್ಕೆ ಬರುವ ಮಕ್ಕಳ ಬ್ಯಾಗಿನಲ್ಲಿ ಈ ಗೈಡ್ ಇದ್ದೇ ಇರುತ್ತದೆ. ಹಾಗಾಗಿ ಕೆಲವು ವರ್ಷಗಳಿಂದ ನಾನೂ ಇದನ್ನು ಪಕ್ಕದಲ್ಲಿಟ್ಟುಕೊಂಡೇ ಪಾಠ ಮಾಡುತ್ತಿದ್ದೇನೆ. ಬಿಡಿಸಿದ ಲೆಕ್ಕಗಳು ಧಾರಾಳವಾಗಿವೆ, ನಡುವಿನ ಹಂತಗಳನ್ನು ಹಾರಿಸಿಲ್ಲ, ಬೆಲೆಯೂ ಕೈಗೆಟಕುವಂತಿದೆ. ಆದರೆ ಉತ್ತರಗಳಲ್ಲಿ ತಪ್ಪುಗಳಿವೆ, ಹೊಸ ಮುದ್ರಣದಲ್ಲೂ ಅವು ಹಾಗೇ ಉಳಿದಿವೆ. ಅದಕ್ಕೇ ಪ್ರಕಾಶಕರ ಹೆಸರು ಹೇಳದೆ, ತಪ್ಪು ಹಿಡಿಯುವ ಬಗೆಯನ್ನು ಬರೆಯುತ್ತಿದ್ದೇನೆ.

ಚಲನೆಯ ಅಧ್ಯಾಯದ ಒಂದು ಲೆಕ್ಕ ನೋಡಿ. 40 ಮೀಟರ್ ಎತ್ತರದ ಗೋಪುರದ ತುದಿಯಿಂದ ಚೆಂಡನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆಯಲಾಗಿದೆ. g = 10 ಎಂದಿಟ್ಟುಕೊಂಡರೆ ನೆಲ ಮುಟ್ಟಲು ಎಷ್ಟು ಸಮಯ ಬೇಕು? ಗೈಡಿನಲ್ಲಿ s = ut + ½at² ಸೂತ್ರಕ್ಕೆ s = 40, u = 10, a = 10 ಹಾಕಿ, 40 = 10t + 5t² ಬಿಡಿಸಿ, ಉತ್ತರ 2 ಸೆಕೆಂಡ್ ಎಂದಿದೆ.

ಮಕ್ಕಳು ಇಲ್ಲಿ ಎರಡು ಪರೀಕ್ಷೆ ಮಾಡುತ್ತಾರೆ, ಎರಡರಲ್ಲೂ ಈ ಉತ್ತರ ಪಾಸಾಗುತ್ತದೆ. ಏಕಮಾನ ನೋಡಿದರೆ ಪ್ರತಿ ಪದವೂ ಮೀಟರಿನಲ್ಲೇ ಇದೆ. t = 2 ಎಂದು ಆದೇಶಿಸಿದರೆ 20 + 20 = 40, ಸರಿ ಹೊಂದುತ್ತದೆ. ಹೊಂದದೇ ಏನು, ಅದೇ ಸಮೀಕರಣದಿಂದ ಬಂದ ಬೆಲೆಯಲ್ಲವೇ! ಸಮೀಕರಣವೇ ತಪ್ಪಾಗಿದ್ದರೆ ಅದಕ್ಕೇ ಬೆಲೆ ಹಾಕಿ ನೋಡುವುದರಿಂದ ಪ್ರಯೋಜನವಿಲ್ಲ. ಉತ್ತರವನ್ನು ಪ್ರಶ್ನೆಯಲ್ಲಿ ಹೇಳಿದ ಸಂಗತಿಗೆ ಹಾಕಿ ನೋಡಬೇಕು. ಸೆಕೆಂಡಿಗೆ 10 ಮೀಟರ್ ವೇಗ ಪ್ರತಿ ಸೆಕೆಂಡಿಗೆ 10ರಷ್ಟು ಕುಗ್ಗುತ್ತದೆ ಎಂದರೆ ಚೆಂಡು ಒಂದು ಸೆಕೆಂಡ್ ಮೇಲೇರಿ ನಿಲ್ಲುತ್ತದೆ, ಇನ್ನೊಂದು ಸೆಕೆಂಡಿನಲ್ಲಿ ಎಸೆದ ಮಟ್ಟಕ್ಕೇ ವಾಪಸ್ ಬರುತ್ತದೆ. ಗೈಡ್ ನೆಲ ಮುಟ್ಟಿತು ಎನ್ನುವ ಹೊತ್ತಿಗೆ ಚೆಂಡು ಗೋಪುರದ ತುದಿಯಲ್ಲೇ ಇದೆ, ಕೆಳಗೆ ಪೂರ್ತಿ 40 ಮೀಟರ್ ಬಾಕಿ ಇದೆ.

ತಪ್ಪು ಎಲ್ಲಿ ನುಸುಳಿತು ಎಂದು ತಿಳಿಯಲು ಪಠ್ಯಪುಸ್ತಕದ ವ್ಯಾಖ್ಯೆಗೆ ಹೋಗಬೇಕು. ಸ್ಥಾನಪಲ್ಲಟ ಎಂದರೆ ಕೊನೆಯ ಸ್ಥಾನದಿಂದ ಮೊದಲ ಸ್ಥಾನವನ್ನು ಕಳೆದದ್ದು. ಅದಕ್ಕೆ ದಿಕ್ಕು ಇದೆ. ಗೈಡಿನವರು ಗೋಪುರದ ಎತ್ತರವನ್ನೇ s ಎಂದುಕೊಂಡಿದ್ದಾರೆ. ಮೇಲ್ದಿಕ್ಕು ಧನ ಎಂದರೆ u = +10, a = −10, s = −40. ಆಗ −40 = 10t − 5t², ಅಂದರೆ t² − 2t − 8 = 0, ಉತ್ತರ 4 ಸೆಕೆಂಡ್. ಇದನ್ನೂ ಬೇರೆ ದಾರಿಯಿಂದ ತಾಳೆ ನೋಡಿ: v² = 100 + 2 × 10 × 40 = 900, ನೆಲ ಮುಟ್ಟುವಾಗ ವೇಗ ಕೆಳಮುಖವಾಗಿ 30. ಮೇಲ್ಮುಖ 10ರಿಂದ ಕೆಳಮುಖ 30ಕ್ಕೆ ಒಟ್ಟು ಬದಲಾವಣೆ 40, ಸೆಕೆಂಡಿಗೆ 10ರಂತೆ ನಾಲ್ಕು ಸೆಕೆಂಡ್. ಗೈಡಿನ 2 ಸೆಕೆಂಡ್ ಬೇರೊಂದು ಪ್ರಶ್ನೆಯ ಸರಿಯುತ್ತರ: ಅದೇ ಚೆಂಡನ್ನು ಅದೇ ವೇಗದಲ್ಲಿ ಕೆಳಕ್ಕೆ ಎಸೆದಿದ್ದರೆ ಅಷ್ಟೇ ಹೊತ್ತು ಸಾಕಿತ್ತು.

ಸರಾಸರಿ ಜವದ ಲೆಕ್ಕದಲ್ಲೂ ಏಕಮಾನ ಕೈಕೊಡುತ್ತದೆ. ಹೋಗುವಾಗ ಗಂಟೆಗೆ 40 ಕಿ.ಮೀ., ಅದೇ ದಾರಿಯಲ್ಲಿ ಬರುವಾಗ 60 ಕಿ.ಮೀ. ಎಂದಾಗ ಗೈಡ್ ಸರಾಸರಿ 50 ಎನ್ನುತ್ತದೆ. ವ್ಯಾಖ್ಯೆ ಹೇಳುವುದು ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಲು. ದಾರಿ 120 ಕಿ.ಮೀ. ಎಂದಿಟ್ಟುಕೊಳ್ಳಿ: ಮೂರು ಗಂಟೆ, ಎರಡು ಗಂಟೆ, ಒಟ್ಟು 240 ಕಿ.ಮೀ.ಗೆ ಐದು ಗಂಟೆ. ಸರಿಯುತ್ತರ 48.

ಹಾಗೆಂದು ಏಕಮಾನ ಬರೆಯುವುದನ್ನು ಬಿಡಬಾರದು. ಸ್ಪ್ರಿಂಗ್ ಲೆಕ್ಕದಲ್ಲಿ ಕೈಹಿಡಿದದ್ದು ಅದೇ. 200 ಗ್ರಾಂ ತೂಕದ ಗುಂಡು, k = 80 N/m, ಆವರ್ತಕಾಲ T = 2π√(m/k). ಗೈಡಿನ ಉತ್ತರ ಸುಮಾರು 9.9 ಸೆಕೆಂಡ್. ಅಂಕಿಗಳ ಜೊತೆ ಏಕಮಾನವನ್ನೂ ಬರೆಯುತ್ತಾ ಹೋದರೆ N/m ಎಂದರೆ kg/s², ವರ್ಗಮೂಲದೊಳಗೆ ಗ್ರಾಂ ಮೇಲೆ, ಕಿಲೋಗ್ರಾಂ ಕೆಳಗೆ ಉಳಿಯುತ್ತವೆ, ಒಂದನ್ನೊಂದು ಹೊಡೆದುಹಾಕುವುದಿಲ್ಲ. 0.2 ಕೆ.ಜಿ. ಹಾಕಿದರೆ 0.31 ಸೆಕೆಂಡ್. ಆದರೆ ಯಾರಾದರೂ 2π ಬದಲು π ಬರೆದಿದ್ದರೆ ಏಕಮಾನಕ್ಕೆ ಅದು ಕಾಣದು, ಶುದ್ಧ ಸಂಖ್ಯೆಗೆ ಏಕಮಾನವೇ ಇಲ್ಲ.

ಈಗ ನನ್ನ ಮಕ್ಕಳಿಗೆ ಗೈಡಿನ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಲು ಹೇಳಿದ್ದೇನೆ: ಯಾವ ವ್ಯಾಖ್ಯೆ ಬಳಸಿದೆ, ಯಾವ ದಿಕ್ಕು ಧನ, ಉತ್ತರವನ್ನು ಪ್ರಶ್ನೆಗೆ ಹಾಕಿ ನೋಡಿದೆಯಾ. ಇದಕ್ಕೆ ಸಮಯ ಹಿಡಿಯುತ್ತದೆ, ಪರೀಕ್ಷೆಯ ಹಿಂದಿನ ವಾರ ಆಗುವ ಕೆಲಸವಲ್ಲ. ಪಠ್ಯಪುಸ್ತಕ ಜೊತೆಗಿದ್ದು, ಲೆಕ್ಕವನ್ನು ಮೊದಲು ತಾವೇ ಬಿಡಿಸುವವರು ಇದನ್ನು ಕೊಳ್ಳಬಹುದು, ಅಂಥವರಿಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಉತ್ತರ ನೋಡಿ ನಕಲಿಳಿಸಿಕೊಳ್ಳುವವರಿಗೆ ಬೇಡವೇ ಬೇಡ.