ಈಮೇಲ್‌ನಲ್ಲಿ ‘ಫೈನಲ್ ಆದ ಮೇಲೆ ಬಾಕಿ’ ಅಂತ ಬರೆದು ನಾನು ಕೆಟ್ಟೆ

ವಿಜಯಪುರದಲ್ಲಿ ಮನೆಯಿಂದಲೇ ಪ್ಯಾಕೆಟ್, ಬಾಕ್ಸ್, ಲೇಬಲ್ ಡಿಸೈನ್ ಮಾಡಿಕೊಡುತ್ತೇನೆ. ಹೋದ ವರ್ಷ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಹತ್ತಿರ ನನ್ನ 12,000 ರೂಪಾಯಿ ಸಿಕ್ಕಿಬಿತ್ತು. ಬಾಯಿಮಾತಲ್ಲಿ ಕೆಲಸ ಒಪ್ಪಿಕೊಂಡಿದ್ದರೆ ನನಗೆ ನಾನೇ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ನಾನು ಈಮೇಲ್ ಕಳಿಸಿದ್ದೆ. ತೂತು ಇದ್ದದ್ದೇ ಅದರಲ್ಲಿ.

ಬರೆದದ್ದು ಇಷ್ಟೇ: “ಒಣದ್ರಾಕ್ಷಿ ಬಾಕ್ಸ್ ಡಿಸೈನ್, ಒಟ್ಟು 18,000. ಅಡ್ವಾನ್ಸ್ 6,000, ಫೈನಲ್ ಆದ ಮೇಲೆ ಬಾಕಿ. ಎರಡು ಸಲ ತಿದ್ದುಪಡಿ ಉಚಿತ.” ಅಡ್ವಾನ್ಸ್ ಅವತ್ತೇ ಬಂತು. ಈಮೇಲ್‌ಗೆ ಉತ್ತರ ಬರಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ಮಾದರಿ ಕಳಿಸಿದ ದಿನವೇ ಸಾಹುಕಾರರ ವಾಯ್ಸ್ ಮೆಸೇಜ್ ಬಂತು: ಹೆಸರು ದೊಡ್ಡದು ಮಾಡಿ. ಮರುದಿನ ಅವರ ಮಗ: ಅಕ್ಷರ ಬಂಗಾರದ ಬಣ್ಣ ಇರಲಿ. ಆಮೇಲೆ ಸೊಲ್ಲಾಪುರದ ಬೀಗರು: ಬಾಕ್ಸ್‌ಗೆ ಕಿಟಕಿ ಬೇಕು, ಒಳಗಿನ ಮಾಲು ಕಾಣಬೇಕು. ಕಿಟಕಿ ಅಂದರೆ ಬಣ್ಣ ಬದಲಿಸಿದ ಹಾಗಲ್ಲ. ಬಾಕ್ಸ್ ಕತ್ತರಿಸುವ ಡೈ ಲೈನೇ ಬದಲಾಗುತ್ತದೆ, ಆ ಬದಿಯ ಚಿತ್ರ, ಅಕ್ಷರ ಎಲ್ಲಾ ಮತ್ತೆ ಜೋಡಿಸಬೇಕು. ಇವು ಮೂರು ತಿದ್ದುಪಡಿಯೋ, ಒಂದೋ? ಈಮೇಲ್‌ನಲ್ಲಿ ಉತ್ತರ ಇರಲಿಲ್ಲ. ಕಾಲು ಕೆಜಿ ಬಾಕ್ಸ್ ಮುಗೀತು ಅನ್ನುವಾಗ, “ಅರ್ಧ ಕೆಜಿ, ಒಂದು ಕೆಜಿಗೂ ಅದನ್ನ ದೊಡ್ಡದು ಮಾಡಿ ಕೊಡ್ರಿ” ಅಂದರು. ‘ಬಾಕ್ಸ್ ಡಿಸೈನ್’ ಅಂತ ಬರೆದಿದ್ದೆ, ಎಷ್ಟು ಬಾಕ್ಸ್ ಅಂತ ಬರೆದಿರಲಿಲ್ಲ. ಎಫ್‌ಎಸ್‌ಎಸ್‌ಎಐ ಲೈಸೆನ್ಸ್‌ನ 14 ಅಂಕಿ ಒಂದು ದಿನ ಬಂತು, ಎಂಆರ್‌ಪಿ ಇನ್ನೊಂದು ದಿನ, ವಿಳಾಸ ವಾರದ ಮೇಲೆ. ಹನ್ನೊಂದನೇ ಫೈಲ್ ಕಳಿಸುವಾಗ ಅದಕ್ಕೆ ಏನು ಹೆಸರಿಡಬೇಕು ಅಂತಲೂ ತಿಳಿಯಲಿಲ್ಲ. ‘ಫೈನಲ್’ ಆಗಲೇ ನಾಲ್ಕಿದ್ದವು.

ದುಡ್ಡು ಕೇಳಿದರೆ, “ಪ್ರಿಂಟ್ ಆಗಿ ಬರ್ಲಿ, ಒಮ್ಮೆಲೇ ಕೊಡ್ತೀನಿ. ನಾವೇನ್ ಊರ್ ಬಿಟ್ಟು ಓಡಿ ಹೋಗ್ತೀವೇನ್ರಿ?” ಎರಡು ತಿಂಗಳು ಹೀಗೇ ಹೋಯ್ತು. ಒಂದು ಸಂಜೆ ಗಾಂಧಿ ಚೌಕದ ಹತ್ತಿರ ಅಂಗಡಿಯೊಂದರಲ್ಲಿ ನನ್ನ ಬಾಕ್ಸ್ ಕಂಡೆ. ಅದರ ಮೇಲಿನ ಚಿತ್ರದಲ್ಲಿ ದ್ರಾಕ್ಷಿ ಗೊಂಚಲಿನ ತೊಟ್ಟು ಎಡಕ್ಕೆ ಬಾಗಿತ್ತು, ಹಾಗಿದ್ದದ್ದು ಏಳನೇ ಫೈಲಲ್ಲಿ ಮಾತ್ರ. ನೋಡಲಿ ಅಂತ ಕಳಿಸಿದ್ದ ಪೂರ್ತಿ ಗುಣಮಟ್ಟದ ಪಿಡಿಎಫ್‌ನಿಂದಲೇ ಪ್ರಿಂಟ್ ಹಾಕಿಸಿದ್ದರು. ಫೋನ್ ಮಾಡಿದೆ. “ಅದು ಫೈನಲ್ ಅಲ್ರಿ, ಸುಮ್ನ ಸ್ಯಾಂಪಲ್ ಹಾಕಿಸೇವಿ” ಅಂದರು. ಫೈನಲ್ ಯಾವಾಗ ಅಂತ ಹೇಳುವ ಅಧಿಕಾರವನ್ನು ನಾನೇ ಅವರ ಕೈಗೆ ಕೊಟ್ಟಿದ್ದೆ, ಅಲ್ವಾ? ಅಲೆದಾಡಿ 5,000 ಬಂತು. ಉಳಿದದ್ದು ಬಿಟ್ಟೆ.

ಈಗ ಇಷ್ಟೇ ದುಡ್ಡಿನ ಕೆಲಸಕ್ಕೆ ನಾನು ಬರೆಯುವ ಈಮೇಲ್ ಹೀಗಿದೆ:

“ಕೆಲಸ: 250 ಗ್ರಾಂ ಬಾಕ್ಸ್, ಒಂದೇ ಅಳತೆ. ಎರಡು ಮಾದರಿ ತೋರಿಸುತ್ತೇನೆ, ಒಂದನ್ನು ಆರಿಸಬೇಕು. ಇನ್ನೊಂದು ಅಳತೆ ಬೇಕಾದರೆ ಪ್ರತಿಯೊಂದಕ್ಕೆ 3,000. ಬಾಕ್ಸ್ ಮೇಲೆ ಬರುವ ಬರಹ ಎಲ್ಲಾ ಒಂದೇ ಸಲ ಕಳಿಸಬೇಕು. ಅದು ಕೈಗೆ ಬಂದ ದಿನದಿಂದ ಕೆಲಸದ ದಿನ ಎಣಿಕೆ.

ತಿದ್ದುಪಡಿ: ಎರಡು ಸುತ್ತು. ಒಂದು ಸುತ್ತು ಅಂದರೆ ನಿಮ್ಮ ಕಡೆ ಎಲ್ಲರ ಮಾತೂ ಸೇರಿಸಿ ಒಬ್ಬರೇ ಕಳಿಸುವ ಒಂದು ಪಟ್ಟಿ. ನನ್ನ ತಪ್ಪು ಇದ್ದರೆ ಅದು ಲೆಕ್ಕಕ್ಕಿಲ್ಲ. ಮೂರನೇ ಸುತ್ತಿನಿಂದ ಸುತ್ತಿಗೆ 1,000. ಬಾಕ್ಸ್‌ನ ಆಕಾರ ಅಥವಾ ಆರಿಸಿದ ಮಾದರಿ ಬದಲಾದರೆ ಅದು ಹೊಸ ಕೆಲಸ, ಬೇರೆ ದರ.

ಹಣ: ಶುರುವಿಗೆ 9,000, ಮಾದರಿ ಆರಿಸಿದ ದಿನ 5,000, ಪ್ರಿಂಟ್ ಫೈಲ್ ಕೊಡುವ ಮೊದಲು 4,000. ಮಾದರಿ ಕಳಿಸಿ 30 ದಿನವಾದರೂ ಉತ್ತರ ಬರದಿದ್ದರೆ ಅಲ್ಲಿವರೆಗಿನ ಕೆಲಸದ ಹಣ ಕೊಡಬೇಕು.

ಇದಕ್ಕೆ ‘ಒಪ್ಪಿಗೆ’ ಅಂತ ಉತ್ತರ ಬಂದ ಮೇಲೆ ಕೆಲಸ ಶುರು.”

30 ದಿನದ ಸಾಲು ತಾನಾಗೇ ದುಡ್ಡು ತರುವುದಿಲ್ಲ. ಇಪ್ಪತ್ತನೇ ದಿನವೇ ಅದನ್ನು ನೆನಪಿಸಿ ಇನ್ನೊಂದು ಈಮೇಲ್ ಹಾಕುತ್ತೇನೆ. ನೋಡಲು ಕಳಿಸುವ ಫೈಲ್ ಈಗ ಸಣ್ಣ ಜೆಪೆಗ್ ಮಾತ್ರ, ನಡುವೆ ಅಡ್ಡಲಾಗಿ ‘ಮಾದರಿ’ ಅಂತ ಅಚ್ಚು. ಒಬ್ಬ ಗಿರಾಕಿ ಇದನ್ನೆಲ್ಲಾ ಓದಿ ಬಿಟ್ಟು ಹೋದರು. ಹೋಗಲಿ.

ಹೋದ ತಿಂಗಳು ಖಡಕ್ ರೊಟ್ಟಿ ಮಾರುವ ಅಕ್ಕ ಒಬ್ಬರು ಫೋನ್ ಮಾಡಿದರು: “ತಮ್ಮಾ, ಒಬ್ರೇ ಪಟ್ಟಿ ಕಳಸ್ರಿ ಅಂದೀಯಲ್ಲ, ನಮ್ಮ ಮನ್ಯಾಗ ಆರು ಮಂದಿ ಅದೀವಿ!” ನಕ್ಕರು, ಆದರೂ ಕಳಿಸಿದರು. ನೋಟ್‌ಬುಕ್ ಹಾಳೆಯ ಫೋಟೊ, ಒಂಬತ್ತು ಸಾಲು. ಮೂರನೆಯದು ‘ಕೆಂಪು ಜಾಸ್ತಿ ಬೇಕು’, ಎಂಟನೆಯದು ‘ಕೆಂಪು ಬ್ಯಾಡ’. ಯಾವುದು ಅಂತ ಕೇಳಿ ಪಟ್ಟಿ ವಾಪಸ್ ಕಳಿಸಿದೆ. ಎರಡು ದಿನ ಅದರ ಜಗಳ ಅವರ ಮನೆಯಲ್ಲೇ ನಡೀತು.