ಸೇವೆಯಲ್ಲಿ ನಿಲ್ಲಿಸುವುದೋ, ಯುಪಿಐ ಆ್ಯಪ್‌ನಲ್ಲೋ, ಬ್ಯಾಂಕಿನಲ್ಲೋ: ಅಪ್ಪಯ್ಯನ ಖಾತೆಯ ಮೂರು ಆಟೋಪೇ ರದ್ದತಿಗಳ ಹೋಲಿಕೆ

ನವೆಂಬರ್ 2ರಂದು ಶಿರಸಿಯ ಬ್ಯಾಂಕಿನಲ್ಲಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಂದ ಅಪ್ಪಯ್ಯ, ಅಡಿಕೆ ದುಡ್ಡು ಜಮೆಯಾದ ಸಾಲಿನ ಕೆಳಗಿದ್ದ 118 ರೂಪಾಯಿಯ ಮೇಲೆ ಬೆರಳಿಟ್ಟು, "ತಮಾ, ಇದು ಆನು ಕೊಟ್ಟಿದ್ದಲ್ಲ" ಎಂದರು. ನೂರು ರೂಪಾಯಿಗೆ ಶೇಕಡಾ 18ರ ಜಿಎಸ್‌ಟಿ ಸೇರಿದರೆ 118 ಆಗುವುದರಿಂದ, ಇದು ಬ್ಯಾಂಕಿನದೇ ಏನೋ ಶುಲ್ಕವಿರಬೇಕೆಂದು ನಾನು ಮೊದಲು ಭಾವಿಸಿದೆ. ಆದರೆ ಆ ಸಾಲಿನ ವಿವರ `ACH D-` ಎಂದು ಆರಂಭವಾಗಿತ್ತು. ಬ್ಯಾಂಕು ತನ್ನ ಎಸ್ಸೆಮ್ಮೆಸ್ ಶುಲ್ಕವನ್ನೋ ಕಾರ್ಡಿನ ವಾರ್ಷಿಕ ಶುಲ್ಕವನ್ನೋ ಕಡಿದುಕೊಂಡರೆ ವಿವರದಲ್ಲಿ ಈ ಅಕ್ಷರಗಳು ಇರುವುದಿಲ್ಲ. ಇವು ಇದ್ದರೆ ಹೊರಗಿನ ಸಂಸ್ಥೆಯೊಂದು ಕಂತು, ಚಂದಾಗಳನ್ನು ಖಾತೆಯಿಂದ ತಾನಾಗಿ ಸೆಳೆಯುವ ನಾಚ್ ವ್ಯವಸ್ಥೆಯ ಮೂಲಕ, ಹಿಂದೆಂದೋ ನಾವು ಕೊಟ್ಟ ಮ್ಯಾಂಡೇಟಿನ, ಅಂದರೆ ಪ್ರತಿ ಬಾರಿ ಕೇಳದೆ ಹಣ ತೆಗೆಯಬಹುದೆಂಬ ಒಪ್ಪಿಗೆಯ ಬಲದಿಂದ, ಹಣ ತೆಗೆದುಕೊಂಡಿದೆ ಎಂದರ್ಥ.

ಆ ಸಂಜೆ ಮನೆಯಲ್ಲಿ ಕುಳಿತು ಖಾತೆಯ ಪೂರ್ಣ ಲೆಕ್ಕ ನೋಡಿದೆವು. ಇಂತಹ ಸಣ್ಣ ಕಡಿತಗಳನ್ನು ಗುರುತಿಸುವುದಕ್ಕೆ ಪಾಸ್‌ಬುಕ್, ಎಸ್ಸೆಮ್ಮೆಸ್, ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿ ಮತ್ತು ಬ್ಯಾಂಕಿನಿಂದ ಇಳಿಸಿಕೊಳ್ಳುವ ಸ್ಟೇಟ್‌ಮೆಂಟ್ ಎಂಬ ನಾಲ್ಕು ದಾರಿಗಳನ್ನು ನಾವು ಪರೀಕ್ಷಿಸಿದಂತಾಯಿತು. ಇವುಗಳಲ್ಲಿ ಸ್ಟೇಟ್‌ಮೆಂಟೇ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ಪಾಸ್‌ಬುಕ್ಕಿನ ಅಗಲ ಸಾಲದೆ ಹೆಸರುಗಳು ಅರ್ಧಕ್ಕೆ ತುಂಡಾಗಿರುತ್ತವೆ. ಯುಪಿಐ ಮ್ಯಾಂಡೇಟಿನ ಹಣ ಹೋಗುವುದಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮವಾದರೂ, ತೋಟದ ಮನೆಯಲ್ಲಿ ಸಿಗ್ನಲ್ ಬಂದಾಗ ಒಮ್ಮೆಲೇ ಸುರಿಯುವ ಜಾಹೀರಾತು ಸಂದೇಶಗಳ ನಡುವೆ ಅದು ಹೂತುಹೋಗುತ್ತದೆ, ಇನ್ನು ನಾಚ್ ಕಡಿತಕ್ಕೆ ಮುಂಚೆ ಅಪ್ಪಯ್ಯನಿಗೆ ಯಾವ ಸಂದೇಶವೂ ಬಂದಿರಲಿಲ್ಲ. ಆಟೋಪೇ ಪಟ್ಟಿಯಂತೂ ಖಾಲಿಯೇ ಕಾಣಿಸಿತು. ಅದಕ್ಕೆ ಕಾರಣವಿತ್ತು, ಮುಂದೆ ಹೇಳುತ್ತೇನೆ.

ಸ್ಟೇಟ್‌ಮೆಂಟನ್ನು ಮೂರು ತಿಂಗಳಿಗಲ್ಲ, ಹದಿಮೂರು ತಿಂಗಳಿಗೆ ತೆಗೆಯಬೇಕು. ಮೂರು ತಿಂಗಳಿನದರಲ್ಲಿ ತಿಂಗಳ ಕಡಿತಗಳು ಮಾತ್ರ ಸಿಗುತ್ತವೆ. ವರ್ಷಕ್ಕೊಮ್ಮೆ ಹೋಗುವುದು ಹದಿಮೂರನೆಯ ತಿಂಗಳು ಸೇರಿದಾಗಲೇ ತಪ್ಪದೆ ಕೈಗೆ ಸಿಗುತ್ತದೆ. ಹಾಗೆ ತೆಗೆದ ಲೆಕ್ಕದಲ್ಲಿ 500 ರೂಪಾಯಿಯ ಒಳಗಿನ ಕಡಿತಗಳನ್ನಷ್ಟೇ ಗುರುತು ಹಾಕುತ್ತಾ ಹೋದಾಗ, ಒಂದೇ ಮೊತ್ತ ಒಂದೇ ತಾರೀಖಿನಂದು ಮರುಕಳಿಸುವುದು ಕಣ್ಣಿಗೆ ಬಿತ್ತು. ಜೂನ್ 3ಕ್ಕೆ ಒಂದು ರೂಪಾಯಿ, ಜೂನ್ 6ಕ್ಕೆ 199, ಅಲ್ಲಿಂದ ಪ್ರತಿ ತಿಂಗಳ 6ಕ್ಕೆ 199: ಅಕ್ಟೋಬರ್ ತನಕ ಒಟ್ಟು 996 ರೂಪಾಯಿ. ಒಂದು ಅಥವಾ ಎರಡು ರೂಪಾಯಿಯ ಒಂಟಿ ಕಡಿತ ಕಂಡರೆ ಅದರ ಮುಂದಿನ ವಾರದ ಸಾಲುಗಳನ್ನು ತಪ್ಪದೆ ನೋಡಬೇಕು, ಏಕೆಂದರೆ ಮ್ಯಾಂಡೇಟ್ ನೋಂದಣಿಯಾಗುವಾಗ ಹೋಗುವ ಮೊತ್ತ ಹೆಚ್ಚಾಗಿ ಅಷ್ಟೇ ಇರುತ್ತದೆ. ಎರಡನೆಯದು ಹಿಂದಿನ ವರ್ಷದ ನವೆಂಬರ್ 18ಕ್ಕೆ ಹೋದ 399, ಅಂದರೆ ಇನ್ನು ಹದಿನಾರು ದಿನದಲ್ಲಿ ಮತ್ತೆ ಹೋಗಲಿದ್ದ ಹಣ. ಮೂರನೆಯದು ಪ್ರತಿ ತಿಂಗಳ 5ರ 118. ಮೇ ತಿಂಗಳ ಕೊನೆಯಲ್ಲಿ ಹೋದ 20 ರೂಪಾಯಿಯನ್ನೂ ಅಪ್ಪಯ್ಯ ಅನುಮಾನದಿಂದ ತೋರಿಸಿದರು. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವರ್ಷದ ಕಂತು. ಎರಡು ಲಕ್ಷದ ಅಪಘಾತ ವಿಮೆಯನ್ನು ಸಣ್ಣ ಮೊತ್ತವೆಂಬ ಕಾರಣಕ್ಕೆ ಕಿತ್ತುಹಾಕಬಾರದೆಂದು ಅದನ್ನು ಹಾಗೆಯೇ ಬಿಟ್ಟೆವು.

ಮೂರು ಕಡಿತಗಳನ್ನೂ ಬೇರೆ ಬೇರೆ ರೀತಿಯಲ್ಲಿ ನಿಲ್ಲಿಸಿದ್ದರಿಂದ ಪ್ರತಿಯೊಂದು ದಾರಿಯ ಗುಣದೋಷ ಸ್ಪಷ್ಟವಾಯಿತು.

199 ರೂಪಾಯಿಯದು ಹಾಡು ಮತ್ತು ಧಾರಾವಾಹಿಗಳ ಒಂದು ಆ್ಯಪ್. ರಜೆಗೆ ಬಂದ ಮೊಮ್ಮಗ ಒಂದು ರೂಪಾಯಿಗೆ ಮೂರು ದಿನ ನೋಡಬಹುದೆಂದು ಹಾಕಿಕೊಟ್ಟಿದ್ದ. ಪಿನ್ ಒತ್ತಿದವರು ಅಪ್ಪಯ್ಯನೇ. ಸ್ಟೇಟ್‌ಮೆಂಟಿನಲ್ಲಿ ಆ ಆ್ಯಪ್‌ನ ಹೆಸರಿರಲಿಲ್ಲ, ನಡುವೆ ಹಣ ದಾಟಿಸುವ ಪಾವತಿ ಸಂಸ್ಥೆಯ ಹೆಸರಿತ್ತು. ಆಟೋಪೇ ಪಟ್ಟಿ ಖಾಲಿ ಕಂಡದ್ದು ಏಕೆಂದು ತಿಳಿದದ್ದು, ಜೂನ್ 3ರಂದು ಬ್ಯಾಂಕು ಕಳಿಸಿದ್ದ ಹಳೆಯ ಎಸ್ಸೆಮ್ಮೆಸ್ ಹುಡುಕಿ ತೆಗೆದಾಗ. ಅದರಲ್ಲಿ `UMN` ಎಂಬ ಉದ್ದನೆಯ ಮ್ಯಾಂಡೇಟ್ ಸಂಖ್ಯೆಯಿತ್ತು, ಅದರ ಬಾಲದಲ್ಲಿ `@ybl` ಎಂದಿತ್ತು. ಆ ಬಾಲವೇ ಮ್ಯಾಂಡೇಟ್ ಯಾವ ಆ್ಯಪ್‌ನಲ್ಲಿ ಹುಟ್ಟಿತೆಂಬುದನ್ನು ಹೇಳುತ್ತದೆ: `@ybl` ಎಂದರೆ ಫೋನ್‌ಪೇ, `@oksbi`, `@okaxis` ಮುಂತಾದವು ಗೂಗಲ್ ಪೇ, `@upi` ಎಂದರೆ ಭೀಮ್. ಅಪ್ಪಯ್ಯ ಆಗಸ್ಟಿನಲ್ಲಿ ಫೋನ್ ಬದಲಿಸಿದ್ದರು, ಹೊಸ ಫೋನಿನಲ್ಲಿ ಬೇರೆ ಆ್ಯಪ್ ಇತ್ತು. ಫೋನ್ ಹೋದರೂ ಮ್ಯಾಂಡೇಟ್ ಹೋಗುವುದಿಲ್ಲ, ಅದು ಖಾತೆಗೆ ಅಂಟಿಕೊಂಡಿರುತ್ತದೆ. ಅದೇ ಸಿಮ್ಮಿನಿಂದ ಹಳೆಯ ಆ್ಯಪ್ ಮತ್ತೆ ಹಾಕಿ ಲಾಗಿನ್ ಆದೊಡನೆ ಮ್ಯಾಂಡೇಟ್ ಕಾಣಿಸಿತು: ಗರಿಷ್ಠ ಮೊತ್ತ 999, ಕೊನೆಯ ದಿನ ದಶಕಗಳ ಆಚೆಗೆ. ಅಂದರೆ 199 ಎಂಬುದು ಅವರ ಇಂದಿನ ದರ ಮಾತ್ರ. ನಾವು ಒಪ್ಪಿಗೆ ಕೊಟ್ಟದ್ದು 999ರ ತನಕ.

ಅಲ್ಲಿಯೇ ರದ್ದತಿ ಒತ್ತಿ, ಯುಪಿಐ ಪಿನ್ ಕೊಟ್ಟು, ಎರಡು ನಿಮಿಷದಲ್ಲಿ ಮುಗಿಸಿದೆವು. ತಾತ್ಕಾಲಿಕವಾಗಿ ತಡೆಹಿಡಿಯುವ ಆಯ್ಕೆಯೂ ಅದರ ಪಕ್ಕದಲ್ಲೇ ಇತ್ತು. ಅದು ಗಡುವು ಮುಗಿದ ಮೇಲೆ ಮತ್ತೆ ಜೀವ ಪಡೆಯುವುದರಿಂದ ನಮಗೆ ಬೇಕಾದದ್ದು ಅದಾಗಿರಲಿಲ್ಲ. ನವೆಂಬರ್ 6ರಂದು ಹಣ ಹೋಗಲಿಲ್ಲ. ವೇಗದಲ್ಲಿ ಈ ದಾರಿಗೆ ಎಣೆಯಿಲ್ಲ. ಆದರೆ ಚಂದಾ ಮಾತ್ರ ಸೇವೆಯವರ ಲೆಕ್ಕದಲ್ಲಿ ಇನ್ನೂ ನಡೆಯುತ್ತಲೇ ಇತ್ತು. ನವೆಂಬರ್ 8ರಂದು ಅವರಿಂದ ಹೊಸ ಆಟೋಪೇ ಕೋರಿಕೆಯೊಂದು ಅಪ್ಪಯ್ಯನ ಫೋನಿಗೆ ಬಂತು. ಮನೆಯಲ್ಲಿ ನಾನಿಲ್ಲದಿದ್ದರೆ ಅವರು ಅದನ್ನು ಬಾಕಿ ಬಿಲ್ಲೆಂದು ತಿಳಿದು ಪಿನ್ ಒತ್ತಿಬಿಡುತ್ತಿದ್ದರು. ಆ ಮೇಲೆ ಸೇವೆಯ ಆ್ಯಪ್‌ನೊಳಗೆ ಹೋಗಿ ಚಂದಾವನ್ನೂ ರದ್ದು ಮಾಡಿದಾಗ ಮಾತ್ರ ಕೋರಿಕೆಗಳು ನಿಂತವು.

399 ರೂಪಾಯಿಯದು ಓದುವ ಆ್ಯಪ್‌ನ ವಾರ್ಷಿಕ ಚಂದಾ, ಅದೂ ಯುಪಿಐ ಮೂಲಕವೇ ಹೋಗುತ್ತಿತ್ತು. ಇದನ್ನು ಮೊದಲು ಸೇವೆಯೊಳಗೇ ರದ್ದು ಮಾಡಿದೆವು. ರದ್ದಾಯಿತೆಂಬ ಇಮೇಲ್ ಬಂತು, ಕೊಟ್ಟ ಹಣದ ಅವಧಿ ನವೆಂಬರ್ 17ರ ತನಕ ಮುಂದುವರಿಯಿತು, ಹೊಸ ಕೋರಿಕೆ ಯಾವುದೂ ಬರಲಿಲ್ಲ. ಸಂಬಂಧ ಕೆಡದಂತೆ ಮುಗಿಸುವುದಕ್ಕೆ ಇದೇ ಸರಿಯಾದ ಬಾಗಿಲು. ಕೊರತೆಯೆಂದರೆ, ಯುಪಿಐ ಆ್ಯಪ್‌ನ ಪಟ್ಟಿಯಲ್ಲಿ ಮ್ಯಾಂಡೇಟ್ ವಾರ ಕಳೆದರೂ ಚಾಲ್ತಿಯಲ್ಲಿಯೇ ಇತ್ತು. ಸೇವೆಯವರು ತಮ್ಮ ಕಡೆಯಿಂದ ಮ್ಯಾಂಡೇಟನ್ನೂ ಹಿಂದಕ್ಕೆ ಕಳಿಸಿದರೆ ಅದು ತಾನಾಗಿ ಅಳಿಯುತ್ತದೆ, ಕಳಿಸದಿದ್ದರೆ ನಾವೇ ಅಳಿಸಬೇಕು. ನಾನು ಹತ್ತನೆಯ ತಾರೀಖು ಅದನ್ನು ರದ್ದು ಮಾಡಿ, ಸಂಖ್ಯೆ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಂಡೆ. ಆ್ಯಪನ್ನು ಫೋನಿನಿಂದ ಅಳಿಸಿದರೆ ಚಂದಾ ನಿಲ್ಲುತ್ತದೆಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ, ಅದು ಶುದ್ಧ ತಪ್ಪು. ಪ್ಲೇ ಸ್ಟೋರ್ ಮೂಲಕ ಕೊಂಡ ಚಂದಾ ಕೂಡ ಪ್ಲೇ ಸ್ಟೋರಿನ ಚಂದಾ ಪುಟದಲ್ಲಿ ರದ್ದು ಮಾಡುವ ತನಕ ನಡೆಯುತ್ತಲೇ ಇರುತ್ತದೆ.

118 ರೂಪಾಯಿಯದು ಎಲ್ಲಕ್ಕಿಂತ ಕಠಿಣವಾಗಿತ್ತು. ಫೋನ್ ಅಂಗಡಿಯಲ್ಲಿ ಕಂತಿನ ಮೇಲೆ ತೆಗೆದುಕೊಂಡ ಹಿಂದಿನ ಫೋನಿನ ಸಾಲ ಏಪ್ರಿಲಿನಲ್ಲಿ ತೀರಿತ್ತು, ಸಾಲ ತೀರಿದ ಪತ್ರವೂ ಕೈಯಲ್ಲಿತ್ತು; ಆದರೆ ಸಾಲ ಕೊಟ್ಟ ಕಂಪನಿ ಕಂತಿಗಾಗಿ ಪಡೆದಿದ್ದ ನಾಚ್ ಮ್ಯಾಂಡೇಟನ್ನು ಜೀವಂತವಿಟ್ಟುಕೊಂಡು, ಜೊತೆಗೆ ಸೇರಿಸಿದ್ದ ಯಾವುದೋ ಆರೋಗ್ಯ ಸದಸ್ಯತ್ವಕ್ಕೆ ಮೇ ತಿಂಗಳಿನಿಂದ ಹಣ ಎಳೆಯುತ್ತಿತ್ತು. ನಾಚ್ ಮ್ಯಾಂಡೇಟ್ ಯುಪಿಐ ಆ್ಯಪ್‌ನಲ್ಲಿ ಕಾಣುವುದೂ ಇಲ್ಲ, ಅಲ್ಲಿ ರದ್ದಾಗುವುದೂ ಇಲ್ಲ. ಕೆಲವು ಬ್ಯಾಂಕುಗಳ ನೆಟ್‌ಬ್ಯಾಂಕಿಂಗಿನಲ್ಲಿ ಅದನ್ನು ರದ್ದು ಮಾಡಲು ಸಾಧ್ಯ. ಅಪ್ಪಯ್ಯನಿಗೆ ನೆಟ್‌ಬ್ಯಾಂಕಿಂಗ್ ಇಲ್ಲದ್ದರಿಂದ ಶಾಖೆಗೇ ಹೋಗಬೇಕಾಯಿತು. ಅಲ್ಲಿ ಮೊದಲು ಕೇಳಬೇಕಾದದ್ದು `UMRN`, ಅಂದರೆ ನಾಚ್ ಮ್ಯಾಂಡೇಟಿನ 20 ಅಕ್ಷರಗಳ ಗುರುತಿನ ಸಂಖ್ಯೆ. ಅದಿಲ್ಲದೆ "118 ರೂಪಾಯಿ ನಿಲ್ಲಿಸಿ" ಎಂದು ಬರೆದುಕೊಟ್ಟರೆ, ಕೌಂಟರಿನವರು ಎಷ್ಟೇ ಒಳ್ಳೆಯವರಾಗಿದ್ದರೂ, ಯಾವ ಮ್ಯಾಂಡೇಟೆಂದು ಹುಡುಕುವುದರಲ್ಲೇ ಆ ಅರ್ಜಿ ಕೂತುಬಿಡುತ್ತದೆ. ನಮ್ಮ ಅರ್ಜಿಯ ಸಾರ ಇಷ್ಟೇ ಇತ್ತು: ಈ ಸಂಖ್ಯೆಯ ಮ್ಯಾಂಡೇಟನ್ನು ರದ್ದುಪಡಿಸಬೇಕು, ಸಾಲ ತೀರಿದ ಪತ್ರದ ಪ್ರತಿ ಲಗತ್ತಿಸಿದೆ, ಸ್ವೀಕರಿಸಿದ್ದಕ್ಕೆ ಮುದ್ರೆ ಹಾಕಿದ ಪ್ರತಿ ಕೊಡಬೇಕು. ಅದೇ ದಿನ ಕಂಪನಿಗೂ ಸದಸ್ಯತ್ವ ಬೇಡವೆಂದು ಇಮೇಲ್ ಕಳಿಸಿದೆವು. ಅರ್ಜಿ ಕೊಟ್ಟದ್ದು ನವೆಂಬರ್ 3ಕ್ಕೆ. 5ರ ಕಡಿತವನ್ನು ಇಷ್ಟು ಸಮೀಪದಲ್ಲಿ ತಡೆಯಲಾಗದೆಂದು ಶಾಖೆಯವರು ಮೊದಲೇ ಹೇಳಿದ್ದರು, ಹಾಗೆಯೇ ಏಳನೆಯ 118 ಕೂಡ ಹೋಗಿ ಒಟ್ಟು 826 ಆಯಿತು. ಮ್ಯಾಂಡೇಟ್ ರದ್ದಾದದ್ದು ಆ ಮೇಲೆ.

ಈ ಹಂತದಲ್ಲಿ ನಮ್ಮ ಭಾವ ಕುಮಟಾದಿಂದ ಫೋನ್ ಮಾಡಿ, ಆ ದಿನ ಖಾತೆಯಲ್ಲಿ ಹಣವೇ ಇಲ್ಲದಂತೆ ಮಾಡಿದರೆ ಸಾಕಲ್ಲವೇ ಎಂದು ಕೇಳಿದರು. ನಾಚ್ ವಿಷಯದಲ್ಲಿ ಇದು ಅತ್ಯಂತ ಕೆಟ್ಟ ದಾರಿ. ಮ್ಯಾಂಡೇಟ್ ಹಣವಿಲ್ಲದೆ ಹಿಂತಿರುಗಿದರೆ ಬ್ಯಾಂಕು ದಂಡ ಹಾಕುತ್ತದೆ, ಅದು ಸಾಮಾನ್ಯವಾಗಿ 118ಕ್ಕಿಂತ ಹೆಚ್ಚೇ ಇರುತ್ತದೆ. ಮೇಲಾಗಿ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ 2007ರ ಕಾಯಿದೆಯ 25ನೆಯ ಕಲಮು ಅಂತಹ ಹಿಂತಿರುಗುವಿಕೆಯನ್ನು ಚೆಕ್ ಬೌನ್ಸಿನಂತೆಯೇ ಕಾಣುತ್ತದೆ. ಸಾಲದ ಕಂತು ಇನ್ನೂ ಉಳಿದಿರುವಾಗ ಮ್ಯಾಂಡೇಟನ್ನು ಕಿತ್ತುಹಾಕುವುದೂ ಅಷ್ಟೇ ಅಪಾಯದ್ದು, ಏಕೆಂದರೆ ಕಂತು ತಪ್ಪಿದ ದಾಖಲೆ ಸಾಲಗಾರನ ಹೆಸರಿಗೇ ಬೀಳುತ್ತದೆ.

ಮೂರನ್ನೂ ಎದುರುಬದುರು ಇಟ್ಟು ನೋಡಿದರೆ, ಕಡಿತದ ದಿನ ನಾಳೆಯೋ ನಾಳಿದ್ದೋ ಇದ್ದಾಗ ಯುಪಿಐ ಆ್ಯಪ್‌ನಲ್ಲಿ ಮೊದಲು ಮ್ಯಾಂಡೇಟ್ ರದ್ದು ಮಾಡಿ ಆ ಮೇಲೆ ಸೇವೆಯತ್ತ ಹೋಗುವುದನ್ನು ನಾನು ಆರಿಸುತ್ತೇನೆ. ದಿನಗಳು ಕೈಯಲ್ಲಿದ್ದರೆ ಮೊದಲು ಸೇವೆ, ಅನಂತರ ಮ್ಯಾಂಡೇಟ್. ವಿವರ `ACH` ಎಂದಿದ್ದರೆ ಬ್ಯಾಂಕಿನ ದಾರಿಯನ್ನೇ ಹಿಡಿಯಬೇಕು, ಅದಕ್ಕೆ ಮುಂದಿನ ಕಡಿತಕ್ಕಿಂತ ಕನಿಷ್ಠ ಹತ್ತು ದಿನ ಮೊದಲೇ ಅರ್ಜಿ ಕೊಡುವುದು ಒಳ್ಳೆಯದು. ಬ್ಯಾಂಕು ಲಿಖಿತ ದೂರಿಗೆ 30 ದಿನ ಉತ್ತರಿಸದಿದ್ದರೆ `cms.rbi.org.in`ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಮುದ್ರೆ ಹಾಕಿದ ಪ್ರತಿ ಬೇಕಾಗುವುದು ಆಗಲೇ.

ಡಿಸೆಂಬರ್ 8ರಂದು ಅಪ್ಪಯ್ಯ ಮತ್ತೆ ಶಾಖೆಗೆ ಹೋಗಿ ಎಂಟ್ರಿ ಹಾಕಿಸಿದರು. ನವೆಂಬರ್ 18ರ ಎದುರು 399 ಇರಲಿಲ್ಲ, ಡಿಸೆಂಬರ್ 5ರ 118 ಇರಲಿಲ್ಲ, 6ರ 199 ಇರಲಿಲ್ಲ. ನವೆಂಬರ್ 29ಕ್ಕೆ ಕಂಪನಿಯವರು ಕೊನೆಯ ಒಂದು ತಿಂಗಳ 118 ರೂಪಾಯಿಯನ್ನು ಹಿಂದಿರುಗಿಸಿದ ಸಾಲು ಮಾತ್ರ ಹೊಸದಾಗಿತ್ತು. ಉಳಿದ ಆರು ತಿಂಗಳ ಹಣಕ್ಕಾಗಿ ಬರೆದ ಎರಡನೆಯ ಪತ್ರಕ್ಕೆ ಉತ್ತರ ಬರಬೇಕಿದೆ.